ನೂರಕ್ಕೆ ಎರಡು: ಪಟ್ಟಿಯಿಲ್ಲದ ಕಡಿತದ ಲೆಕ್ಕ

(ಗಿರಣಿ ಕಾರ್ಮಿಕರು ಮತ್ತು ಚಿಕ್ಕ ವ್ಯಾಪಾರಿಗಳ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ)



ಹತ್ತಿಯನ್ನೋ ಮೆಣಸಿನಕಾಯಿಯನ್ನೋ ಮಾರುಕಟ್ಟೆಗೆ ತಂದು ಮಾರಿದವನ ಕೈಗೆ ದಲ್ಲಾಳಿ ಮಂಡಿಯವರು ಒಂದು ಪಟ್ಟಿ ಬರೆದು ಕೊಡುತ್ತಾರೆ. ಮಾಲು ಇಷ್ಟು, ದರ ಇಷ್ಟು, ಹಮಾಲಿ ಇಷ್ಟು, ತೂಕದ ಕೂಲಿ ಇಷ್ಟು, ಕಡಿತ ಹೋಗಿ ಉಳಿದದ್ದು ಇಷ್ಟು ಎಂದು ಅದರಲ್ಲಿ ಸಾಲುಸಾಲಾಗಿ ಇರುತ್ತದೆ. ಆ ಕಡಿತ ಹೆಚ್ಚಾಯಿತೆಂದು ನಾವು ಜಗಳವಾಡುತ್ತೇವೆ. ಜಗಳವಾಡುವುದಕ್ಕೆ ಸಾಧ್ಯವಾಗುವುದು ಕಡಿತ ಪಟ್ಟಿಯಲ್ಲಿ ಕಾಣುವುದರಿಂದ. ಹಾಗೆಯೇ ಗಿರಣಿಯಲ್ಲಿ ಸಂಬಳದ ಚೀಟಿ ಇದೆ. ಭವಿಷ್ಯನಿಧಿಗೆ ಇಷ್ಟು, ಇ.ಎಸ್.ಐ.ಗೆ ಇಷ್ಟು ಹಿಡಿದಿದ್ದಾರೆಂದು ಓದಿಯೇ ಸಹಿ ಮಾಡುತ್ತೇವೆ.

ಇಂದು ನಾವು ಮಾತನಾಡಬೇಕೆಂದಿರುವುದು ಇಂಥ ಪಟ್ಟಿಯೇ ಇಲ್ಲದ ಒಂದು ಕಡಿತದ ಬಗ್ಗೆ. ಮ್ಯೂಚುಯಲ್ ಫಂಡಿನಲ್ಲಿ ಹಣ ಇಟ್ಟವರಿಂದ ಪ್ರತಿವರ್ಷ ನೂರಕ್ಕೆ ಒಂದು, ಒಂದೂವರೆ, ಎರಡು ಎಂದು ಹಿಡಿಯುವ ಖರ್ಚು ಅದು. ಇಂಗ್ಲಿಷಿನಲ್ಲಿ ಅದಕ್ಕೆ ಎಕ್ಸ್‌ಪೆನ್ಸ್ ರೇಷಿಯೋ ಎನ್ನುತ್ತಾರೆ. ನಾವು ವೆಚ್ಚದ ದರ ಎನ್ನೋಣ.

ಸಮಾಜವಾದಿ ಪಕ್ಷದ ವೇದಿಕೆಯಲ್ಲಿ ಷೇರುಪೇಟೆಯ ಮಾತೇಕೆ ಎಂದು ಕೆಲವರು ಕೇಳಬಹುದು. ಷೇರುಪೇಟೆಗೆ ಹಣ ಹಾಕಿರಿ ಎಂದು ನಾವು ಯಾರಿಗೂ ಹೇಳುತ್ತಿಲ್ಲ. ಆದರೆ ನಿವೃತ್ತಿಯ ನಂತರ ಬದುಕಲು ಸಾಕಾಗುವ ಪಿಂಚಣಿ ಇಲ್ಲದ ನಾಡಿನಲ್ಲಿ ದುಡಿಯುವವನ ಹಣ ಈಗಾಗಲೇ ಅಲ್ಲಿಗೆ ಹೋಗುತ್ತಿದೆ. ಗ್ರಾಚ್ಯುಟಿ ಬಂದ ವಾರದಲ್ಲೇ ಏಜೆಂಟರು ಮನೆಗೆ ಬರುತ್ತಾರೆ. ಕಿರಾಣಿ ಅಂಗಡಿಯವನು ತಿಂಗಳಿಗೆ ಎರಡು ಸಾವಿರ ರೂಪಾಯಿಯ ಎಸ್‌ಐಪಿ ಕಂತು ಕಟ್ಟುತ್ತಾನೆ. ಹೋದ ಹಣದಲ್ಲಿ ಯಾರ ಪಾಲು ಎಷ್ಟು ಎಂಬುದನ್ನು ಕೇಳುವುದು ನಮ್ಮ ಪಕ್ಷದ ಹಳೆಯ ಕೆಲಸ. ಆ ಪ್ರಶ್ನೆಯನ್ನೇ ಇಲ್ಲಿಯೂ ಕೇಳೋಣ.

ಕಡಿತ ಎಲ್ಲಿ ನಡೆಯುತ್ತದೆ

ಮ್ಯೂಚುಯಲ್ ಫಂಡೆಂದರೆ ಅನೇಕರ ಹಣವನ್ನು ಒಂದು ರಾಶಿ ಮಾಡಿ, ಆ ರಾಶಿಯಿಂದ ಷೇರುಗಳನ್ನೋ ಸಾಲಪತ್ರಗಳನ್ನೋ ಕೊಳ್ಳುವ ವ್ಯವಸ್ಥೆ. ರಾಶಿಯನ್ನು ಯೂನಿಟ್ಟುಗಳಾಗಿ ಹಂಚಿರುತ್ತಾರೆ. ಒಂದು ಯೂನಿಟ್ಟಿನ ಅಂದಿನ ಬೆಲೆಗೆ ಎನ್‌ಎವಿ ಎಂದು ಹೆಸರು. ಅದನ್ನು ವ್ಯವಹಾರ ನಡೆಯುವ ಪ್ರತಿದಿನವೂ ಪ್ರಕಟಿಸುತ್ತಾರೆ.

ಈ ರಾಶಿಯನ್ನು ನೋಡಿಕೊಳ್ಳುವ ಕಂಪನಿಗೆ ಸಂಭಾವನೆ, ಲೆಕ್ಕ ಬರೆಯುವವರ ಕೂಲಿ, ಷೇರುಗಳನ್ನು ಕಾಯ್ದಿಡುವ ಬ್ಯಾಂಕಿನ ಶುಲ್ಕ, ಲೆಕ್ಕ ತಪಾಸಣೆ, ಜಾಹೀರಾತು, ಮಾರಿದ ಏಜೆಂಟನ ಕಮಿಷನ್, ಇವುಗಳ ಮೇಲಿನ ತೆರಿಗೆ, ಎಲ್ಲವೂ ಸೇರಿ ವೆಚ್ಚದ ದರವಾಗುತ್ತದೆ. ಇದನ್ನು ನಿಮ್ಮ ಹತ್ತಿರ ಬಂದು ಯಾರೂ ಕೇಳುವುದಿಲ್ಲ. ನಿಮ್ಮ ಬ್ಯಾಂಕ್ ಖಾತೆಯಿಂದ ಕತ್ತರಿಸುವುದೂ ಇಲ್ಲ. ರಾಶಿಯಿಂದಲೇ ದಿನದಿನವೂ ಸ್ವಲ್ಪಸ್ವಲ್ಪ ತೆಗೆದು, ಉಳಿದದ್ದನ್ನು ಯೂನಿಟ್ಟುಗಳಿಂದ ಭಾಗಿಸಿ ಬೆಲೆ ಹೇಳುತ್ತಾರೆ. ಪತ್ರಿಕೆಯಲ್ಲಿ ನೀವು ನೋಡುವ ಎನ್‌ಎವಿ ಕಡಿತ ಆದಮೇಲಿನ ಬೆಲೆ. ಕಡಿತಕ್ಕೆ ಮುಂಚಿನ ಬೆಲೆ ಎಷ್ಟಿತ್ತೆಂಬುದು ನಿಮಗೆ ಕಾಣುವುದೇ ಇಲ್ಲ.

ಒಂದು ಉದಾಹರಣೆ ತೆಗೆದುಕೊಳ್ಳೋಣ. 1,000 ಕೋಟಿ ರೂಪಾಯಿಯ ಒಂದು ಫಂಡು ಇದೆ, ವೆಚ್ಚದ ದರ ನೂರಕ್ಕೆ 2 ಎನ್ನೋಣ. ವರ್ಷಕ್ಕೆ 20 ಕೋಟಿ ಖರ್ಚು. ಅದನ್ನು 365 ದಿನಕ್ಕೆ ಹಂಚಿದರೆ ದಿನಕ್ಕೆ ಸುಮಾರು 5 ಲಕ್ಷ 48 ಸಾವಿರ ರೂಪಾಯಿ. ಆ ರಾಶಿಯಲ್ಲಿ ನಿಮ್ಮದು 1 ಲಕ್ಷ ರೂಪಾಯಿ ಇದ್ದರೆ ಅದರಿಂದ ದಿನಕ್ಕೆ ಹೋಗುವುದು ಸುಮಾರು ಐದೂವರೆ ರೂಪಾಯಿ. ಷೇರುಗಳ ಬೆಲೆ ಒಂದೇ ದಿನದಲ್ಲಿ ನಿಮ್ಮ ಲಕ್ಷವನ್ನು ಐನೂರು ರೂಪಾಯಿ ಮೇಲಕ್ಕೋ ಕೆಳಕ್ಕೋ ಒಯ್ಯುತ್ತದೆ. ಆ ಏರಿಳಿತದ ಮಧ್ಯೆ ಐದೂವರೆ ರೂಪಾಯಿ ಯಾರ ಕಣ್ಣಿಗೆ ಬಿದ್ದೀತು? ಇದು ಕಳ್ಳತನವಲ್ಲ, ಕಾನೂನಿನ ಒಳಗೇ ನಡೆಯುವುದು. ಆದರೆ ಕಣ್ಣಿಗೆ ಬೀಳದ ಹಾಗೆ ನಡೆಯುವುದು.

ಒಂದು ಲಕ್ಷದ ಇಪ್ಪತ್ತೈದು ವರ್ಷ

ದಿನಕ್ಕೆ ಐದೂವರೆ ರೂಪಾಯಿ, ಹೋದರೆ ಹೋಗಲಿ ಎನ್ನಿಸುತ್ತದೆ. ಲೆಕ್ಕ ತಪ್ಪುವುದು ಇಲ್ಲಿಯೇ. ಒಬ್ಬ ಕಾರ್ಮಿಕ ತನ್ನ 35ನೆಯ ವಯಸ್ಸಿನಲ್ಲಿ 1 ಲಕ್ಷ ರೂಪಾಯಿ ಹಾಕಿ 60ನೆಯ ವಯಸ್ಸಿನವರೆಗೆ ಮುಟ್ಟಲಿಲ್ಲ ಎಂದಿಟ್ಟುಕೊಳ್ಳೋಣ. ಖರ್ಚು ಕಳೆಯುವ ಮುಂಚೆ ರಾಶಿ ವರ್ಷಕ್ಕೆ ನೂರಕ್ಕೆ 10ರಂತೆ ಬೆಳೆಯುತ್ತದೆ ಎನ್ನೋಣ. ಇದು ಯಾರೂ ಕೊಟ್ಟ ಭರವಸೆಯಲ್ಲ. ಷೇರುಪೇಟೆ ಒಂದು ವರ್ಷ ಏರುತ್ತದೆ, ಇನ್ನೊಂದು ವರ್ಷ ಬೀಳುತ್ತದೆ. ಲೆಕ್ಕಕ್ಕಾಗಿ ಮಾತ್ರ ಒಂದು ಸಂಖ್ಯೆ ಹಿಡಿದಿದ್ದೇವೆ. ಖರ್ಚನ್ನೂ ದಿನದಿನ ಹಿಡಿಯುವ ಬದಲು ವರ್ಷದ ಕೊನೆಗೆ ಒಮ್ಮೆ ಹಿಡಿದಂತೆ ಲೆಕ್ಕ ಹಾಕುತ್ತೇವೆ. ಉತ್ತರದಲ್ಲಿ ದೊಡ್ಡ ವ್ಯತ್ಯಾಸ ಬರುವುದಿಲ್ಲ.

ಮೊದಲ ವರ್ಷ 1 ಲಕ್ಷ ಬೆಳೆದು 1,10,000 ಆಯಿತು. ನೂರಕ್ಕೆ 2ರಂತೆ 2,200 ರೂಪಾಯಿ ಹೋಯಿತು. ಉಳಿದದ್ದು 1,07,800. ಎರಡನೆಯ ವರ್ಷ ಅದು 1,18,580 ಆಯಿತು. ಈಗ ಹೋಗುವುದು 2,200 ಅಲ್ಲ, 2,372. ಉಳಿದದ್ದು 1,16,208. ಮೂರನೆಯ ವರ್ಷದ ಕಡಿತ 2,557. ಕಾರ್ಮಿಕ ಹೊಸದಾಗಿ ಒಂದು ಕಾಸನ್ನೂ ಹಾಕಿಲ್ಲ, ಫಂಡಿನವರಿಗೆ ಅವನ ಖಾತೆಯಿಂದ ಹೆಚ್ಚಿನ ಕೆಲಸವೇನೂ ಬಿದ್ದಿಲ್ಲ. ಆದರೂ ಕಡಿತ ವರ್ಷವರ್ಷ ಬೆಳೆಯುತ್ತದೆ. ಇಪ್ಪತ್ತೈದನೆಯ ವರ್ಷದಲ್ಲಿ, ಆ ಒಂದೇ ವರ್ಷದಲ್ಲಿ, ಹೋಗುವುದು ಸುಮಾರು 13,340 ರೂಪಾಯಿ.

ಕೊನೆಗೆ ಅವನ ಕೈಗೆ ಬರುವುದು ಸುಮಾರು 6 ಲಕ್ಷ 54 ಸಾವಿರ. ಒಂದು ಲಕ್ಷ ಆರೂವರೆ ಲಕ್ಷವಾಯಿತೆಂದು ಅವನು ಸಂತೋಷಪಡುತ್ತಾನೆ, ಏಜೆಂಟನಿಗೆ ಕೈಮುಗಿಯುತ್ತಾನೆ. ಆದರೆ ಯಾವ ಕಡಿತವೂ ಇಲ್ಲದೆ ಅದೇ ಲಕ್ಷ 10 ಲಕ್ಷ 83 ಸಾವಿರ ಆಗುತ್ತಿತ್ತು. ವ್ಯತ್ಯಾಸ ಸುಮಾರು 4 ಲಕ್ಷ 30 ಸಾವಿರ ರೂಪಾಯಿ. ನೂರಕ್ಕೆ ಎರಡು ಎಂದು ಹೇಳಿ ಹಿಡಿದದ್ದು ಕೊನೆಯ ಮೊತ್ತದಲ್ಲಿ ನೂರಕ್ಕೆ ಸುಮಾರು ನಲವತ್ತು ಆಯಿತು.

ಈ 4 ಲಕ್ಷ 30 ಸಾವಿರ ಎಲ್ಲಿ ಹೋಯಿತು? ಎಲ್ಲವೂ ಕಂಪನಿಯ ಪೆಟ್ಟಿಗೆಗೆ ಹೋಯಿತೆಂದರೆ ತಪ್ಪಾಗುತ್ತದೆ. ಇಪ್ಪತ್ತೈದು ವರ್ಷದ ಕಡಿತಗಳನ್ನೆಲ್ಲ ಕೂಡಿಸಿದರೆ ಬರುವುದು ಸುಮಾರು 1 ಲಕ್ಷ 56 ಸಾವಿರ. ಉಳಿದ 2 ಲಕ್ಷ 73 ಸಾವಿರಕ್ಕೂ ಹೆಚ್ಚು ಹಣ, ಕಡಿತವಾದ ರೂಪಾಯಿಗಳು ರಾಶಿಯಲ್ಲೇ ಉಳಿದಿದ್ದರೆ ಹುಟ್ಟಿಸುತ್ತಿದ್ದ ಬೆಳವಣಿಗೆ. ಮೊದಲ ವರ್ಷ ಹೋದ 2,200 ರೂಪಾಯಿ ಬರೀ 2,200 ಅಲ್ಲ. ಅದಕ್ಕೆ ಇನ್ನೂ ಇಪ್ಪತ್ನಾಲ್ಕು ವರ್ಷ ದುಡಿಯುವ ಆಯುಷ್ಯವಿತ್ತು. ಕರು ಇರುವಾಗಲೇ ಆಕಳನ್ನು ಒಯ್ದರೆ ಹೋದದ್ದು ಕರು ಒಂದೇ ಅಲ್ಲ, ಮುಂದಿನ ಹಾಲೂ ಹೋಯಿತು, ಮುಂದಿನ ಕರುಗಳೂ ಹೋದವು. ಸಾಹುಕಾರನ ಚಕ್ರಬಡ್ಡಿ ಸಾಲಗಾರನ ಮೇಲೆ ಹೇಗೆ ಬೆಳೆಯುತ್ತದೆಂಬುದು ನಮಗೆಲ್ಲ ಗೊತ್ತು. ಅದೇ ಚಕ್ರ ಇಲ್ಲಿ ಉಳಿತಾಯಗಾರನ ವಿರುದ್ಧ ತಿರುಗುತ್ತದೆ.

ಇಲ್ಲಿ ಒಂದು ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಮಾರುಕಟ್ಟೆಯ ದಲಾಲಿ ಒಂದು ಮಾಲಿಗೆ ಒಂದು ಸಲ. ಈ ಕಡಿತ ಈ ವರ್ಷ ಹಾಕಿದ ಹಣದ ಮೇಲಲ್ಲ, ಈ ವರ್ಷ ಬಂದ ಲಾಭದ ಮೇಲೂ ಅಲ್ಲ, ಇಡೀ ರಾಶಿಯ ಮೇಲೆ, ಪ್ರತಿವರ್ಷ. ಲಾಭವಿಲ್ಲದ ವರ್ಷವೂ ಅದು ನಿಲ್ಲುವುದಿಲ್ಲ. 2008ರಲ್ಲಿ ಸೆನ್ಸೆಕ್ಸ್ ಅರ್ಧಕ್ಕಿಂತ ಹೆಚ್ಚು ಬಿದ್ದಿತು. ಆ ವರ್ಷವೂ ಉಳಿದ ರಾಶಿಯಿಂದ ವೆಚ್ಚ ಹೋಗಿಯೇ ಹೋಯಿತು. ಒಕ್ಕಲು ಮಾಡಿದವನಿಗೆ ಬೆಳೆ ಬರಲಿ ಬಿಡಲಿ, ಗೇಣಿ ಮಾತ್ರ ತಪ್ಪಲಿಲ್ಲ ಎನ್ನುವ ಹಾಗೆ.

ಇನ್ನೊಂದು ಮಾತು. ಷೇರುಪೇಟೆ ಹತ್ತರಂತೆ ಬೆಳೆಯಲಿ, ಏಳರಂತೆ ಬೆಳೆಯಲಿ, ಒಟ್ಟಿಗೆ ಹಾಕಿಟ್ಟ ಹಣದಲ್ಲಿ ಕಡಿತ ನುಂಗುವ ಪಾಲು ಬದಲಾಗುವುದಿಲ್ಲ. ಅದು ವೆಚ್ಚದ ದರವನ್ನೂ ವರ್ಷಗಳನ್ನೂ ಮಾತ್ರ ನೋಡುತ್ತದೆ. ನೂರಕ್ಕೆ 1ರ ಕಡಿತ ಹತ್ತು ವರ್ಷದಲ್ಲಿ ಕೊನೆಯ ಮೊತ್ತದ ಹೆಚ್ಚುಕಡಿಮೆ ಹತ್ತನೆಯ ಒಂದು ಪಾಲನ್ನು ತಿನ್ನುತ್ತದೆ. ಮೂವತ್ತು ವರ್ಷದಲ್ಲಿ ಕಾಲುಭಾಗಕ್ಕಿಂತ ಹೆಚ್ಚು, ನಲವತ್ತು ವರ್ಷದಲ್ಲಿ ಮೂರನೆಯ ಒಂದು ಪಾಲು. ಬೆಳವಣಿಗೆ ಎಷ್ಟೆಂದು ಯಾರೂ ಮುಂಚಿತವಾಗಿ ಹೇಳಲಾರರು. ಕಡಿತ ಎಷ್ಟೆಂದು ಇಂದೇ ಹೇಳಬಹುದು.

ಒಂದೇ ರಾಶಿ, ಎರಡು ಬಾಗಿಲು

ಈಗ ಕೇಳುವವರು ಹೇಳಬಹುದು: ಖರ್ಚಿಲ್ಲದೆ ಯಾರು ಹಣ ನೋಡಿಕೊಳ್ಳುತ್ತಾರೆ? ನ್ಯಾಯವಾದ ಮಾತು. ಸೊನ್ನೆ ಖರ್ಚನ್ನು ನಾವೂ ಕೇಳುತ್ತಿಲ್ಲ. ಕೆಲಸ ಮಾಡಿದವನಿಗೆ ಕೂಲಿ ಸಿಗಬೇಕು. ಆದರೆ ಅದೇ ರಾಶಿಗೆ, ಅದೇ ಷೇರುಗಳಿಗೆ, ಅದೇ ಕಂಪನಿಯ ಅದೇ ವ್ಯವಸ್ಥಾಪಕನಿಗೆ ಎರಡು ಬಾಗಿಲುಗಳಿವೆ ಎಂಬುದು ನಮ್ಮಲ್ಲಿ ಬಹಳ ಜನಕ್ಕೆ ತಿಳಿದಿಲ್ಲ.

ಭಾರತದ ಮ್ಯೂಚುಯಲ್ ಫಂಡುಗಳ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ ಸೆಬಿ. 2009ರ ಆಗಸ್ಟಿನವರೆಗೆ ಫಂಡಿಗೆ ಸೇರುವಾಗಲೇ ಪ್ರವೇಶ ಶುಲ್ಕವೆಂದು ಹಿಡಿಯುತ್ತಿದ್ದರು. ಸೆಬಿ ಅದನ್ನು ಆ ತಿಂಗಳಿಂದ ನಿಲ್ಲಿಸಿತು. ಆಮೇಲೆ 2013ರ ಜನವರಿ 1ರಿಂದ ಪ್ರತಿಯೊಂದು ಫಂಡೂ ಡೈರೆಕ್ಟ್ ಎಂಬ ಬಾಗಿಲನ್ನು ತೆರೆಯಬೇಕೆಂದು ಆಜ್ಞೆ ಮಾಡಿತು. ಡೈರೆಕ್ಟಿನಲ್ಲಿ ಸೇರಿದರೆ ನಡುವೆ ಏಜೆಂಟನಿಲ್ಲ, ಅವನ ಕಮಿಷನ್ನೂ ಇಲ್ಲ. ಏಜೆಂಟನ ಮೂಲಕವೋ, ಕಮಿಷನ್ ಪಡೆಯುವ ಬ್ಯಾಂಕಿನ ಕೌಂಟರಿನ ಮೂಲಕವೋ ಸೇರಿದರೆ ಅದು ರೆಗ್ಯುಲರ್. ಅವನ ಕಮಿಷನ್ ವೆಚ್ಚದ ದರದೊಳಗೆ ಸೇರುತ್ತದೆ, ನೀವು ಹಣ ಇಟ್ಟಿರುವಷ್ಟು ಕಾಲವೂ ಹೋಗುತ್ತಿರುತ್ತದೆ. ಅನೇಕ ಷೇರು ಫಂಡುಗಳಲ್ಲಿ ಈ ಎರಡು ಬಾಗಿಲುಗಳ ನಡುವಿನ ಅಂತರ ಅರ್ಧದಿಂದ ಒಂದು ಶೇಕಡಾದ ಸುತ್ತಮುತ್ತ ಇರುತ್ತದೆ.

ನಮ್ಮ ಕಾರ್ಮಿಕನ 1 ಲಕ್ಷವನ್ನು ಮತ್ತೆ ತೆಗೆದುಕೊಳ್ಳೋಣ. ನೂರಕ್ಕೆ 2ರ ಬದಲು 1 ಮಾತ್ರ ಕಡಿತವಾದರೆ ಇಪ್ಪತ್ತೈದು ವರ್ಷಕ್ಕೆ ಬರುವುದು 6 ಲಕ್ಷ 54 ಸಾವಿರವಲ್ಲ, ಸುಮಾರು 8 ಲಕ್ಷ 43 ಸಾವಿರ. ಒಂದು ಶೇಕಡಾದ ಬೆಲೆ 1 ಲಕ್ಷ 89 ಸಾವಿರ. ಅವನು ಮೊದಲು ಹಾಕಿದ ಹಣಕ್ಕಿಂತ ಹೆಚ್ಚು.

ಇನ್ನು ತಿಂಗಳಿಗೆ 2,000 ರೂಪಾಯಿ ಕಟ್ಟುವ ಅಂಗಡಿಯವನ ಲೆಕ್ಕ. ವರ್ಷಕ್ಕೆ 24,000ದಂತೆ ಇಪ್ಪತ್ತೈದು ವರ್ಷದಲ್ಲಿ ಅವನು ಕಟ್ಟುವುದು 6 ಲಕ್ಷ. ಸುಲಭಕ್ಕಾಗಿ ಪ್ರತಿವರ್ಷದ ಕೊನೆಗೆ ಒಮ್ಮೆ ಕಟ್ಟಿದಂತೆ ಹಿಡಿಯೋಣ, ಬೆಳವಣಿಗೆ ಹಿಂದಿನಂತೆ ಹತ್ತೇ ಇರಲಿ. ಕಡಿತ 1 ಆದರೆ ಅವನಿಗೆ ಬರುವುದು ಸುಮಾರು 20 ಲಕ್ಷ 3 ಸಾವಿರ. ಕಡಿತ 2 ಆದರೆ ಸುಮಾರು 17 ಲಕ್ಷ 4 ಸಾವಿರ. ವ್ಯತ್ಯಾಸ 2 ಲಕ್ಷ 99 ಸಾವಿರ. ಅವನು ಹನ್ನೆರಡು ವರ್ಷಕ್ಕೂ ಹೆಚ್ಚು ಕಾಲ ಕಟ್ಟಿದ ಕಂತುಗಳ ಮೊತ್ತಕ್ಕೆ ಇದು ಸಮ. ಕಂತಿನ ಲೆಕ್ಕದಲ್ಲಿ ಪೆಟ್ಟು ಸ್ವಲ್ಪ ಕಡಿಮೆ ಎಂಬುದನ್ನು ಗಮನಿಸಿರಿ. ಕೊನೆಯ ವರ್ಷಗಳ ಕಂತುಗಳು ರಾಶಿಯಲ್ಲಿ ಕಡಿಮೆ ಕಾಲ ಇರುವುದರಿಂದ ಅವುಗಳ ಮೇಲೆ ಕಡಿತವೂ ಕಡಿಮೆ ಸಲ ಬೀಳುತ್ತದೆ.

ಏಜೆಂಟರು ಸಾಮಾನ್ಯವಾಗಿ ಹೇಳುವ ಒಂದು ಮಾತಿದೆ: ನೀವು ನಮಗೆ ಏನೂ ಕೊಡಬೇಕಾಗಿಲ್ಲ, ಕಂಪನಿಯವರೇ ನಮಗೆ ಕೊಡುತ್ತಾರೆ. ಮಾತು ಅಕ್ಷರಶಃ ನಿಜ, ಅರ್ಥದಲ್ಲಿ ಸುಳ್ಳು. ಕಂಪನಿಯವರು ಕೊಡುವುದು ತಮ್ಮ ಮನೆಯಿಂದಲ್ಲ, ನಿಮ್ಮ ರಾಶಿಯಿಂದ.

ಇನ್ನೊಂದು ಮಾತನ್ನೂ ಕೇಳುತ್ತೇವೆ: ಡೈರೆಕ್ಟಿನ ಯೂನಿಟ್ಟು ದುಬಾರಿ, ರೆಗ್ಯುಲರ್ ಯೂನಿಟ್ಟು ಅಗ್ಗ. ಎನ್‌ಎವಿ ನೋಡಿದರೆ ಹಾಗೆಯೇ ಕಾಣುತ್ತದೆ. ಆದರೆ ಹಳೆಯ ಫಂಡುಗಳಲ್ಲಿ 2013ರ ಆರಂಭದಲ್ಲಿ ಎರಡೂ ಬಾಗಿಲುಗಳು ಸಾಮಾನ್ಯವಾಗಿ ಒಂದೇ ಬೆಲೆಯಿಂದ ಹೊರಟವು. ಒಳಗಿರುವ ಷೇರುಗಳೂ ಒಂದೇ. ಹಾಗಿದ್ದ ಮೇಲೆ ಇಂದು ಬೆಲೆ ಬೇರೆಯಾದದ್ದು ಹೇಗೆ? ಒಂದು ಕಡೆ ಹೆಚ್ಚು ಕತ್ತರಿಸಿದರು, ಇನ್ನೊಂದು ಕಡೆ ಕಡಿಮೆ ಕತ್ತರಿಸಿದರು, ಅಷ್ಟೇ. ಪಟ್ಟಿಯಿಲ್ಲದ ಈ ಕಡಿತವನ್ನು ಕಣ್ಣಾರೆ ನೋಡಬೇಕಾದರೆ ಒಂದೇ ಫಂಡಿನ ಈ ಎರಡು ಬೆಲೆಗಳನ್ನು ಅಕ್ಕಪಕ್ಕ ಇಟ್ಟು ನೋಡಿರಿ. ಕಡಿಮೆ ಇರುವ ಬೆಲೆ ಅಗ್ಗದ ಗುರುತಲ್ಲ, ಸವೆತದ ಗುರುತು.

ಏಜೆಂಟನ ಪರವಾಗಿಯೂ ಒಂದು ಮಾತು

ನಾವು ಏಜೆಂಟರ ಮೇಲೆ ಕತ್ತಿ ಮಸೆಯಲು ಬಂದಿಲ್ಲ. ಅವರಲ್ಲಿ ಬಹಳ ಜನ ನಮ್ಮಂತೆಯೇ ದುಡಿದು ತಿನ್ನುವವರು. ಅರ್ಜಿ ತುಂಬಿಸುವುದು, ಆಧಾರ್ ಮತ್ತು ಪಾನ್ ಕಾಗದ ಸರಿಮಾಡುವುದು, ವಾರಸುದಾರರ ಹೆಸರು ಬರೆಸುವುದು, ಮನೆಯೊಡೆಯ ತೀರಿಕೊಂಡಾಗ ಹೆಂಡತಿಗೆ ಹಣ ಬಿಡಿಸಿಕೊಡುವುದು, ಇವೆಲ್ಲ ನಿಜವಾದ ಕೆಲಸ. ಷೇರುಪೇಟೆ ಬಿದ್ದ ವರ್ಷ ಹೆದರಿ ಎಲ್ಲವನ್ನೂ ಮಾರಿಬಿಡುವವನನ್ನು ತಡೆದು ನಿಲ್ಲಿಸಿದ ಏಜೆಂಟನು ತನ್ನ ಕಮಿಷನ್ನಿಗಿಂತ ಹೆಚ್ಚನ್ನು ಉಳಿಸಿಕೊಟ್ಟಿರಲೂಬಹುದು. ಫೋನಿನಲ್ಲಿ ಸ್ವತಃ ಈ ವ್ಯವಹಾರ ಮಾಡಲು ಬಾರದವರು, ಮಾಡಿಕೊಡುವ ಮಕ್ಕಳಿಲ್ಲದವರು ಡೈರೆಕ್ಟಿಗೆ ಹೋಗಿ ತೊಂದರೆಗೆ ಸಿಕ್ಕಿಕೊಳ್ಳುವುದೂ ಉಂಟು.

ನಮ್ಮ ತಕರಾರು ಕೂಲಿ ಕೊಡುವುದರ ಬಗ್ಗೆ ಅಲ್ಲ, ಕೂಲಿಯನ್ನು ಅಳೆಯುವ ರೀತಿಯ ಬಗ್ಗೆ. ಒಂದು ಲಕ್ಷದ ಖಾತೆಗೂ ಎಂಟು ಲಕ್ಷದ ಖಾತೆಗೂ ಅರ್ಜಿ ಒಂದೇ, ಸಹಿ ಒಂದೇ. ಕೆಲಸ ಎಂಟು ಪಟ್ಟು ಆಗಲಿಲ್ಲ, ಕೂಲಿ ಮಾತ್ರ ಎಂಟು ಪಟ್ಟಾಯಿತು. ಎಂಟು ಲಕ್ಷಕ್ಕೆ ನೂರಕ್ಕೆ 1 ಎಂದರೆ ವರ್ಷಕ್ಕೆ 8,000 ರೂಪಾಯಿ. ಏಜೆಂಟನು ಬಂದು ಈ ವರ್ಷದ ಸೇವೆಗೆ ಎಂಟು ಸಾವಿರ ಎಣಿಸಿರಿ ಎಂದರೆ ನಾವು ಯೋಚಿಸುತ್ತೇವೆ, ಏನು ಮಾಡಿದಿರಿ ಎಂದು ಕೇಳುತ್ತೇವೆ. ರಾಶಿಯಿಂದ ಹೋದರೆ ಕೇಳುವುದಿಲ್ಲ. ಆ ಪ್ರಶ್ನೆಯನ್ನು ಕೇಳಿರಿ ಎನ್ನುವುದಷ್ಟೇ ನಮ್ಮ ಮಾತು. ಉತ್ತರ ತೃಪ್ತಿಕರವಾಗಿದ್ದರೆ ಸಂತೋಷದಿಂದ ಕೊಡಿರಿ.

ರಾಶಿ ದೊಡ್ಡದಾದಷ್ಟೂ ಪ್ರತಿ ರೂಪಾಯಿಯ ಖರ್ಚು ಕಡಿಮೆಯಾಗಬೇಕೆಂಬ ತತ್ತ್ವವನ್ನು ಸೆಬಿಯೇ ಒಪ್ಪಿದೆ. 2019ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮದಲ್ಲಿ ಷೇರು ಫಂಡಿನ ಮೊದಲ 500 ಕೋಟಿಗೆ ನೂರಕ್ಕೆ 2.25ರವರೆಗೆ ಹಿಡಿಯಬಹುದಾಗಿತ್ತು. 50,000 ಕೋಟಿಯ ಮೇಲಿನ ಭಾಗಕ್ಕೆ 1.05 ಮಾತ್ರ. 2025ರ ಡಿಸೆಂಬರಿನಲ್ಲಿ ಸೆಬಿಯ ಮಂಡಳಿ ಈ ಮಿತಿಗಳನ್ನು ಮತ್ತಷ್ಟು ಇಳಿಸಿ, ಸರ್ಕಾರದ ತೆರಿಗೆಗಳನ್ನು ಮೂಲ ವೆಚ್ಚದಿಂದ ಹೊರಗಿಟ್ಟು ಬೇರೆಯಾಗಿ ತೋರಿಸುವ ಹೊಸ ನಿಯಮಗಳಿಗೆ ಒಪ್ಪಿಗೆ ಕೊಟ್ಟಿತು. ಬೇರೆಬೇರೆ ತೋರಿಸುವುದು ಒಳ್ಳೆಯದೇ. ಆದರೆ ಎಚ್ಚರವಿರಲಿ: ಮೂಲ ವೆಚ್ಚ ಎಂಬ ಸಾಲು ಚಿಕ್ಕದಾಗಿ ಕಂಡ ಮಾತ್ರಕ್ಕೆ ಕಡಿತ ಅಷ್ಟೇ ಎಂದು ತಿಳಿಯಬಾರದು. ನಿಮ್ಮ ರಾಶಿಯಿಂದ ಹೋಗುವುದು ಒಟ್ಟು ಮೊತ್ತ. ಒಟ್ಟನ್ನೇ ನೋಡಬೇಕು.

ನಿಮ್ಮ ಕಾಗದದಲ್ಲಿ ಏನು ನೋಡಬೇಕು

ಮನೆಗೆ ಹೋಗಿ ನಿಮ್ಮ ಫಂಡಿನ ಲೆಕ್ಕದ ಕಾಗದ ತೆಗೆಯಿರಿ. ಫಂಡಿನ ಉದ್ದನೆಯ ಹೆಸರಿನ ಜೊತೆಗೆ ಡೈರೆಕ್ಟ್ ಎಂದೋ ರೆಗ್ಯುಲರ್ ಎಂದೋ ಬರೆದಿರುತ್ತದೆ. ಎಆರ್‌ಎನ್ ಎಂಬ ಅಕ್ಷರಗಳ ಮುಂದೆ ಒಂದು ಸಂಖ್ಯೆ ಇದ್ದರೆ ಅದು ಏಜೆಂಟನ ನೋಂದಣಿ ಸಂಖ್ಯೆ. ನಮಗೆ ಏಜೆಂಟನೇ ಇಲ್ಲ, ಬ್ಯಾಂಕಿನಲ್ಲೇ ಮಾಡಿಸಿದೆವು ಎನ್ನುವವರ ಕಾಗದದಲ್ಲಿ ಆ ಜಾಗದಲ್ಲಿ ಬ್ಯಾಂಕಿನ ಸಂಖ್ಯೆಯೇ ಇರಬಹುದು.

ಎರಡನೆಯದು, ಆರು ತಿಂಗಳಿಗೊಮ್ಮೆ, ಅಂದರೆ ಮಾರ್ಚ್ ಮತ್ತು ಸೆಪ್ಟೆಂಬರ್ ಅಂತ್ಯದವರೆಗಿನ ಅವಧಿಗೆ, ಎಲ್ಲ ಫಂಡುಗಳ ಲೆಕ್ಕವನ್ನು ಒಟ್ಟುಗೂಡಿಸಿದ ಒಂದು ಕಾಗದ ಅಂಚೆಯಲ್ಲೋ ಇಮೇಲಿನಲ್ಲೋ ಬರುತ್ತದೆ. ಸೆಬಿ 2016ರಲ್ಲಿ ಮಾಡಿದ ಆಜ್ಞೆಯ ಪ್ರಕಾರ ರೆಗ್ಯುಲರ್ ಬಾಗಿಲಿನಿಂದ ಸೇರಿದವರಿಗೆ, ಆ ಆರು ತಿಂಗಳಲ್ಲಿ ಅವರ ಹಣದ ಮೇಲೆ ಏಜೆಂಟನಿಗೆ ಹೋದ ಕಮಿಷನ್ ಎಷ್ಟು ರೂಪಾಯಿ ಎಂಬುದು ಅದರಲ್ಲಿ ಇರುತ್ತದೆ. ನಾವು ಕಂಡಂತೆ ಹೆಚ್ಚಿನವರು ಆ ಕಾಗದವನ್ನು ಬಿಚ್ಚುವುದೇ ಇಲ್ಲ, ಇಮೇಲ್ ಆದರೆ ತೆರೆಯುವುದೇ ಇಲ್ಲ. ಆ ಒಂದು ಸಾಲನ್ನು ಹುಡುಕಿರಿ. ಆದರೆ ಅದೇ ಪೂರ್ತಿ ಕಡಿತವಲ್ಲ ಎಂಬುದು ನೆನಪಿರಲಿ. ಕಂಪನಿಯ ಸಂಭಾವನೆಯೂ ಉಳಿದ ಖರ್ಚುಗಳೂ ಅದರಲ್ಲಿ ಸೇರಿಲ್ಲ. ಅವನ್ನೆಲ್ಲ ಕೂಡಿದ ವೆಚ್ಚ ಶೇಕಡಾವಾರಿನಲ್ಲಿ ಮಾತ್ರ ಇರುತ್ತದೆ.

ಮೂರನೆಯದು, ರೆಗ್ಯುಲರಿನಲ್ಲಿದ್ದೇವೆಂದು ಗೊತ್ತಾದೊಡನೆ ಅವಸರಪಟ್ಟು ಎಲ್ಲವನ್ನೂ ಬದಲಿಸಲು ಓಡಬೇಡಿರಿ. ಅದೇ ಫಂಡಿನಲ್ಲಿ ಬಾಗಿಲು ಬದಲಿಸಿದರೂ ಕಾನೂನಿನ ದೃಷ್ಟಿಯಲ್ಲಿ ಅದು ಮಾರಿ ಕೊಂಡಂತೆ. ಅನೇಕ ಷೇರು ಫಂಡುಗಳಲ್ಲಿ ವರ್ಷ ತುಂಬದ ಯೂನಿಟ್ಟುಗಳಿಗೆ ನೂರಕ್ಕೆ 1ರಂತೆ ನಿರ್ಗಮನ ಶುಲ್ಕ ಬೀಳುತ್ತದೆ, ಮತ್ತು ತಿಂಗಳ ಕಂತು ಕಟ್ಟುವವರಿಗೆ ಪ್ರತಿ ಕಂತಿನ ವರ್ಷವೂ ಬೇರೆಬೇರೆಯಾಗಿ ಎಣಿಕೆಯಾಗುತ್ತದೆ. ತೆರಿಗೆಯೂ ಇದೆ. 2024ರ ಜುಲೈ 23ರಿಂದ, ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟ ಷೇರು ಫಂಡಿನ ಲಾಭದಲ್ಲಿ ಹಣಕಾಸು ವರ್ಷಕ್ಕೆ 1 ಲಕ್ಷ 25 ಸಾವಿರದವರೆಗೆ ತೆರಿಗೆಯಿಲ್ಲ, ಅದರ ಮೇಲಿನದಕ್ಕೆ ನೂರಕ್ಕೆ ಹನ್ನೆರಡೂವರೆ. ಒಬ್ಬನ ಫಂಡಿನಲ್ಲಿ ಈಗ 3 ಲಕ್ಷ ಇದೆ, ಅದರಲ್ಲಿ ಲಾಭ 1 ಲಕ್ಷ, ಎಲ್ಲ ಯೂನಿಟ್ಟುಗಳಿಗೂ ವರ್ಷ ತುಂಬಿದೆ, ಆ ವರ್ಷ ಅಂಥ ಬೇರೆ ಲಾಭವಿಲ್ಲ ಎಂದರೆ ಅವನು ಬದಲಿಸಿದರೆ ತೆರಿಗೆ ಬೀಳುವುದಿಲ್ಲ. ಲಾಭ ಅದಕ್ಕಿಂತ ಹೆಚ್ಚಿದ್ದವನು ಎರಡು ಮೂರು ಹಣಕಾಸು ವರ್ಷಗಳಲ್ಲಿ ಸ್ವಲ್ಪಸ್ವಲ್ಪವಾಗಿ ಬದಲಿಸಬಹುದು. ಎಲ್ಲಕ್ಕಿಂತ ಸುಲಭವಾದದ್ದು, ಹಳೆಯದನ್ನು ಇದ್ದಲ್ಲೇ ಬಿಟ್ಟು ಮುಂದಿನ ಕಂತುಗಳನ್ನು ಡೈರೆಕ್ಟಿನಲ್ಲಿ ಶುರುಮಾಡುವುದು.

ಕಡಿಮೆ ವೆಚ್ಚದ ಫಂಡೆಲ್ಲ ಒಳ್ಳೆಯ ಫಂಡೆಂದು ನಾವು ಹೇಳುವುದಿಲ್ಲ. ವೆಚ್ಚ ಕಡಿಮೆಯಾದ ಮಾತ್ರಕ್ಕೆ ಷೇರುಪೇಟೆ ಬೀಳುವುದು ನಿಲ್ಲುವುದಿಲ್ಲ. ಮುಂದಿನ ವರ್ಷ ಮಗಳ ಮದುವೆಗೆ ಬೇಕಾದ ಹಣವನ್ನು ಯಾವ ಬಾಗಿಲಿನಿಂದಲೂ ಅಲ್ಲಿ ಇಡಬಾರದು. ಎರಡು ಮೂರು ವರ್ಷದ ಮಾತಾದರೆ ಒಂದು ಶೇಕಡಾ ದೊಡ್ಡದೇನೂ ಅಲ್ಲ. ಕಾಲ ಉದ್ದವಾದಷ್ಟೂ ಅದು ಬೆಳೆಯುತ್ತದೆ. ಮುಪ್ಪಿಗೆಂದು ಇಡುವ ಹಣವೇ ಎಲ್ಲಕ್ಕಿಂತ ಉದ್ದ ಕಾಲದ್ದು, ಆದ್ದರಿಂದ ಪೆಟ್ಟು ಹೆಚ್ಚಾಗಿ ಬೀಳುವುದೂ ಅದರ ಮೇಲೆಯೇ.

ನಮ್ಮ ಬೇಡಿಕೆ

ಒಬ್ಬೊಬ್ಬನೂ ತನ್ನ ಕಾಗದ ನೋಡಿಕೊಂಡರೆ ತನ್ನ ಹಣ ಉಳಿಸಿಕೊಂಡಾನು. ಕಾಗದ ಓದಲು ಬಾರದವನ ಗತಿಯೇನು? ಆದ್ದರಿಂದ ನಮ್ಮ ಕೂಟ ಎರಡು ಬೇಡಿಕೆಗಳನ್ನು ಮುಂದಿಡುತ್ತದೆ. ಮೊದಲನೆಯದು, ಏಜೆಂಟನ ಕಮಿಷನ್ ಮಾತ್ರವಲ್ಲ, ಇಡೀ ವೆಚ್ಚವನ್ನು, ಈ ವರ್ಷ ನಿಮ್ಮ ಹಣದಿಂದ ಇಷ್ಟು ರೂಪಾಯಿ ಹೋಯಿತು ಎಂದು, ಪ್ರತಿಯೊಬ್ಬರ ಲೆಕ್ಕದಲ್ಲೂ ರೂಪಾಯಿಯಲ್ಲೇ ಬರೆಯಬೇಕು. ಶೇಕಡಾ ಎಂಬುದು ಸಾಮಾನ್ಯನ ಕಣ್ಣಿಗೆ ಕಟ್ಟುವ ಪಟ್ಟಿ. ಎರಡನೆಯದು, ಅದನ್ನು ಕನ್ನಡದಲ್ಲಿ ಬರೆಯಬೇಕು. ಕನ್ನಡದಲ್ಲಿ ಜಾಹೀರಾತು ಕೊಟ್ಟು ಹಣ ತೆಗೆದುಕೊಳ್ಳುವವರಿಗೆ ಕನ್ನಡದಲ್ಲಿ ಲೆಕ್ಕ ಕೊಡುವುದು ಕಷ್ಟವಾಗಬಾರದು.

ಈ ಬೇಡಿಕೆಗಳನ್ನು ಬರೆದ ಮನವಿ ಹೊರಗಿನ ಮೇಜಿನ ಮೇಲಿದೆ. ಸಹಿ ಹಾಕುವವರು ಹಾಕಿರಿ. ಬರುವ ವಾರದ ಕೂಟಕ್ಕೆ ನಿಮ್ಮ ನಿಮ್ಮ ಲೆಕ್ಕದ ಕಾಗದಗಳನ್ನು ತನ್ನಿರಿ. ಲೆಕ್ಕ ಬಲ್ಲ ಹುಡುಗರು ಕೆಲವರು ಬರುತ್ತಾರೆ. ಯಾವ ಬಾಗಿಲಿನಿಂದ ಸೇರಿದ್ದೀರಿ, ವರ್ಷಕ್ಕೆ ಎಷ್ಟು ರೂಪಾಯಿ ಹೋಗುತ್ತಿದೆ, ನೀವು ಅರವತ್ತು ಮುಟ್ಟುವ ಹೊತ್ತಿಗೆ ಅದು ಎಷ್ಟಾಗುತ್ತದೆ ಎಂಬುದನ್ನು ಒಬ್ಬೊಬ್ಬರಿಗೂ ಕೂತು ಬರೆದು ಕೊಡೋಣ.